ಅಜ್ಜಿಯ ಥೈರಾಯ್ಡ್ ಮಾತ್ರೆ ಬಿಡಿಸಿದ ಕಥೆ

"ಥೈರಾಯ್ಡ್ ಮಾತ್ರೆ ಶುರುವಾದ್ರೆ ಜೀವಮಾನ ಪೂರ್ತಿ." ನಮ್ಮಲ್ಲೇ ಎಷ್ಟು ಜನ ಹೀಗೆ ಹೇಳುತ್ತಾರೆ! ಈ ಅಜ್ಜಿಗೆ ಬಿಡಿಸ್ತೀನಿ ಅಂದಾಗ ನನ್ನ ಸ್ನೇಹಿತ ಡಾಕ್ಟರೇ ನಕ್ಕಿದ್ದರು.

ಅಜ್ಜಿಗೆ 78. ಹೆಲ್ತ್ ಚೆಕಪ್ಪಿನಲ್ಲಿ, ಥೈರಾಯ್ಡ್ ಗ್ರಂಥಿ ಸೋತಷ್ಟೂ ಏರುವ ಟಿಎಸ್‌ಎಚ್ 6.8 ಬಂತು, ಒಂದೇ ಸಲದ ರಿಪೋರ್ಟು. ಅಷ್ಟಕ್ಕೇ 50 ಮೈಕ್ರೋಗ್ರಾಂ ಶುರು. ಸುಸ್ತು ಹೋಗಲಿಲ್ಲ ಅಂತ 75, ಆಮೇಲೆ 100. ನನ್ನ ಹತ್ತಿರ ಬಂದಾಗ ಟಿಎಸ್‌ಎಚ್ 0.08, ಅಂದರೆ ಮಾತ್ರೆ ಅತಿಯಾಗಿತ್ತು. ನಿದ್ದೆ ಇಲ್ಲ, ಎದೆ ಡವಡವ, ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದಿತ್ತು. ಇಸಿಜಿಯಲ್ಲಿ ಎದೆಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್ ಇರಲಿಲ್ಲ, ಪುಣ್ಯ.

ಲ್ಯಾಬಿನ ಕಾಗದದಲ್ಲಿ ಎಲ್ಲರಿಗೂ ಒಂದೇ ಮೇಲಿನ ಮಿತಿ, ಸುಮಾರು 4.5. ಅಮೆರಿಕದ ಸಮೀಕ್ಷೆಯಲ್ಲಿ 80 ದಾಟಿದ ಆರೋಗ್ಯವಂತರ ಮೇಲಿನ ಮಿತಿ ಏಳೂವರೆ ಹತ್ತಿರ ಇತ್ತು. ಅಜ್ಜಿಯ 6.8 ಆ ವಯಸ್ಸಿಗೆ ಕಾಯಿಲೆಯೇ ಅಲ್ಲದಿರಬಹುದು. 2017ರ ಟ್ರಸ್ಟ್ ಪ್ರಯೋಗದಲ್ಲೂ 65 ದಾಟಿದ ಇಂಥವರಿಗೆ ಮಾತ್ರೆಯಿಂದ ಸುಸ್ತು ಕಮ್ಮಿ ಆಗಲಿಲ್ಲ.

ಮೊದಲ ಪ್ರಯತ್ನದಲ್ಲಿ ನಾನೇ ಎಡವಿದ್ದೆ. ಇನ್ನೊಬ್ಬ ಹಿರಿಯರಿಗೆ ಮಾತ್ರೆ ಪಟ್ಟನೆ ನಿಲ್ಲಿಸಿದೆ. ಎರಡು ತಿಂಗಳಿಗೆ ಟಿಎಸ್‌ಎಚ್ ನಲವತ್ತರ ಮೇಲೆ, ಮುಖ ಊದಿತ್ತು. ಅವರ ಟ್ರಂಕಿನಲ್ಲಿ ಹಳೇ ರಿಪೋರ್ಟು ಸಿಕ್ಕಿತು: ಮಾತ್ರೆಗೆ ಮುಂಚೆಯೇ ಟಿಎಸ್‌ಎಚ್ 30, ಗ್ರಂಥಿಯ ಹಾರ್ಮೋನು ಫ್ರೀ ಟಿ4 ಕಮ್ಮಿ. ನಿಜವಾದ ರೋಗ. ಅಂದಿನಿಂದ ಮಾತ್ರೆಗೆ ಮುಂಚಿನ ರಿಪೋರ್ಟು ನೋಡದೆ ನಾನು ಕೈ ಹಾಕಲ್ಲ. ಗ್ರಂಥಿ ತೆಗೆಸಿದವರು, ಎದೆಬಡಿತದ ಮಾತ್ರೆ ಅಮಿಯೋಡರೋನ್ ಅಥವಾ ಮನೋರೋಗದ ಮಾತ್ರೆ ಲಿಥಿಯಂ ತಗೊಳ್ಳುವವರ ವಿಷಯಕ್ಕೂ ಹೋಗಲ್ಲ.

ಅಜ್ಜಿಗೆ ಆಂಟಿ ಟಿಪಿಒ, ಅಂದರೆ ಗ್ರಂಥಿಯ ವಿರುದ್ಧ ದೇಹವೇ ಮಾಡುವ ಪ್ರತಿಕಾಯ, ನೆಗೆಟಿವ್. 100ರಿಂದ 75, 50, 25, ಆಮೇಲೆ ಬಂದ್. ಪ್ರತಿ ಮೆಟ್ಟಿಲಿಗೂ ಆರರಿಂದ ಎಂಟು ವಾರ. ಮೊದಲ ಇಳಿಕೆಯ ಆರು ವಾರಕ್ಕೂ ಟಿಎಸ್‌ಎಚ್ 0.3 ಮಾತ್ರ. ಬಹಳ ದಿನ ಅದುಮಿಟ್ಟದ್ದು ನಿಧಾನಕ್ಕೇ ಏಳುತ್ತದೆ, ಗಾಬರಿ ಬೇಡ. ಖರ್ಚು ಉಳಿಸಲು ಪೂರ್ತಿ ಪ್ರೊಫೈಲ್ ಬದಲು ಟಿಎಸ್‌ಎಚ್ ಒಂದೇ ಮಾಡಿಸಿದೆ. ಒಟ್ಟು ಸಾವಿರದೈನೂರು ರೂಪಾಯಿ ಆಗಿರಬೇಕು. ಫ್ರೀ ಟಿ4 ಕೊನೆಗೊಂದು ಸಲ.

ನಡುವೆ ನನ್ನ ಮೇಲೂ ಒಂದು ಪ್ರಯೋಗ ಮಾಡಿಕೊಂಡೆ. ಬೆಳಿಗ್ಗೆ ಆರೂವರೆಗೆ ಕೊಟ್ಟ ರಕ್ತದಲ್ಲಿ ಟಿಎಸ್‌ಎಚ್ 4.9ರ ಹತ್ತಿರ, ಅದೇ ದಿನ ಮಧ್ಯಾಹ್ನ ಎರಡಕ್ಕೆ ಮೂರು ಚಿಲ್ಲರೆ. ಒಂದೇ ದಿನ ನಾನು ರೋಗಿಯೂ ಹೌದು, ಅಲ್ಲವೂ ಹೌದು! ಅದಕ್ಕೇ ಅಜ್ಜಿಗೆ ಪ್ರತಿ ಸಲವೂ ಒಂದೇ ಲ್ಯಾಬು, ಬೆಳಗಿನ ಒಂದೇ ಹೊತ್ತು. ಕೂದಲಿಗೆ ಅಂತ ತಿನ್ನುವ ಬಯೋಟಿನ್ ಮಾತ್ರೆಯನ್ನೂ ಎರಡು ದಿನ ಮೊದಲೇ ನಿಲ್ಲಿಸಿದೆ. ಕೆಲವು ಯಂತ್ರಗಳಲ್ಲಿ ಅದು ಟಿಎಸ್‌ಎಚ್ ಸುಳ್ಳೇ ಕಮ್ಮಿ ತೋರಿಸುತ್ತದೆ.

ಇದಕ್ಕೆಲ್ಲ ಅಜ್ಜಿಯ ಮಗನನ್ನು ಒಪ್ಪಿಸಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ಮಾತ್ರೆ ನಿಂತು ಎಂಟು ವಾರಕ್ಕೆ ಟಿಎಸ್‌ಎಚ್ 7.1, ಫ್ರೀ ಟಿ4 ನಾರ್ಮಲ್. ರಾತ್ರಿ ನಿದ್ದೆ ಬರುತ್ತಿದೆ. ರಿಪೋರ್ಟು ಹಿಡಿದು ಅಜ್ಜಿ ಕೇಳಿದರು, "ಡಾಕ್ಟ್ರೇ, ಪಕ್ಕದಲ್ಲಿ ಮತ್ತೆ ದಪ್ಪಕ್ಷರ ಹಾಕಿದಾರಲ್ಲ?" "ಅದು ಲ್ಯಾಬಿನವರ ಅಕ್ಷರ, ನಿಮ್ಮದಲ್ಲ ಬಿಡಿ" ಅಂದೆ. ಇನ್ನು ಆರು ತಿಂಗಳಿಗೊಮ್ಮೆ ನೋಡ್ತೀವಿ. 10 ದಾಟಿದರೆ ಆಗ ಯೋಚನೆ.