ತೆರಿಗೆ ಸೇರಿದ ಬೆಲೆಯಿಂದ ಮೂಲ ಬೆಲೆ ಬಿಡಿಸುವುದು: ಒಂದೊಂದು ಸಾಲಿಗೆ ಒಂದೊಂದು ದರ ಇದ್ದಾಗ

ಲೆಕ್ಕ ಬರೆಯುವುದು ನನ್ನ ಕೆಲಸ. ನನ್ನ ಕೈಗೆ ಬರುವ ಮಾರಾಟದ ಫೈಲುಗಳಲ್ಲಿ ಸಾಮಾನ್ಯವಾಗಿ ಒಂದೇ ಬೆಲೆ ಇರುತ್ತದೆ, ತೆರಿಗೆಯೂ ಸೇರಿದ ಬೆಲೆ. ಅದರಲ್ಲಿ ಮೂಲ ಬೆಲೆ ಎಷ್ಟು, ತೆರಿಗೆ ಎಷ್ಟು ಅಂತ ಬಿಡಿಸಿ ಕೊಡಬೇಕು. ಎಲ್ಲ ವಸ್ತುವಿಗೂ ಒಂದೇ ದರ ಇದ್ದರೆ ಒಟ್ಟು ಮೊತ್ತವನ್ನು ಒಮ್ಮೆ ಭಾಗಿಸಿ ಕೈ ತೊಳೆದುಕೊಳ್ಳಬಹುದು. ಒಂದೇ ಬಿಲ್ಲಿನಲ್ಲಿ ಒಂದಕ್ಕೆ ಶೇ. 5, ಇನ್ನೊಂದಕ್ಕೆ ಶೇ. 18, ಮತ್ತೊಂದಕ್ಕೆ ತೆರಿಗೆಯೇ ಇಲ್ಲ ಅಂತಾದಾಗ ಕೆಲಸ ಬೇರೆಯೇ ಆಗುತ್ತದೆ.

ನಾನು ಶುರು ಮಾಡುವುದು ಒಂದು ತೀರ್ಮಾನದಿಂದ. ಗ್ರಾಹಕರು ಕೊಟ್ಟ ಮೊತ್ತ ಅಲುಗಾಡಬಾರದು. ದುಡ್ಡು ಬಂದಿದೆ, ಅದು ಬದಲಾಗುವುದಿಲ್ಲ. ಮೂಲ ಬೆಲೆ ಮತ್ತು ತೆರಿಗೆ ಎರಡೂ ಅದರೊಳಗಿಂದ ಹುಟ್ಟಬೇಕು, ಕೂಡಿಸಿದರೆ ಮತ್ತೆ ಅಷ್ಟೇ ಬರಬೇಕು. ಕೆಳಗೆ ಹೇಳಿದ್ದೆಲ್ಲ ಇದೊಂದನ್ನು ಕಾಪಾಡಿಕೊಳ್ಳುವುದಕ್ಕೇ ಮಾಡಿದ್ದು.

ಮೊದಲು ಲೆಕ್ಕದ ತಿರುಳು. ತೆರಿಗೆಯನ್ನು ಮೂಲ ಬೆಲೆಯ ಮೇಲೆ ಹಾಕಿರುತ್ತಾರೆ, ತೆರಿಗೆ ಸೇರಿದ ಬೆಲೆಯ ಮೇಲಲ್ಲ. ಹಾಗಾಗಿ ಶೇ. 18 ದರವಿದ್ದರೆ 1.18ರಿಂದ ಭಾಗಿಸಬೇಕು. ಸೇರಿದ ಬೆಲೆಗೇ ಶೇ. 18 ಲೆಕ್ಕ ಹಾಕಿ ಕಳೆಯುವವರು ಇನ್ನೂ ಇದ್ದಾರೆ. 499ಕ್ಕೆ ಹಾಗೆ ಮಾಡಿದರೆ ತೆರಿಗೆ 89.82 ಬರುತ್ತದೆ. ಸರಿಯಾಗಿ ಭಾಗಿಸಿದರೆ ಮೂಲ ಬೆಲೆ 422.88, ತೆರಿಗೆ 76.12. ಒಂದೇ ಸಾಲಿನಲ್ಲಿ 13.70 ವ್ಯತ್ಯಾಸ. ಅದೇ ತಪ್ಪನ್ನು ಶೇ. 5ರ ವಸ್ತುವಿನಲ್ಲಿ ಮಾಡಿ ನೋಡಿ. 149ಕ್ಕೆ 7.45 ಬರುತ್ತದೆ, ಸರಿಯಾದದ್ದು 7.10. ಬರೀ 35 ಪೈಸೆಯಷ್ಟು ಅಂತರ, ಯಾರ ಕಣ್ಣಿಗೂ ಬೀಳುವುದಿಲ್ಲ. ದರ ಎರಡು ಪಟ್ಟಾದರೆ ಈ ತಪ್ಪು ಸುಮಾರು ನಾಲ್ಕು ಪಟ್ಟಾಗುತ್ತದೆ. ಅದಕ್ಕೇ ಬೇರೆಯವರು ಮಾಡಿದ ಶೀಟ್ ಕೈಗೆ ಬಂದರೆ ನಾನು ಕಡಿಮೆ ದರದ ಸಾಲುಗಳನ್ನು ನೋಡುತ್ತಾ ಕೂರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ದರದ ಒಂದು ಸಾಲನ್ನು ಹಿಡಿದು ಕ್ಯಾಲ್ಕುಲೇಟರ್‌ನಲ್ಲಿ ಒತ್ತಿ ನೋಡುತ್ತೇನೆ. ಸೂತ್ರ ತಪ್ಪಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಶೀಟ್. `Rates` ಅನ್ನುವ ಬೇರೆ ಹಾಳೆಯಲ್ಲಿ ಎರಡೇ ಕಾಲಂ, ವರ್ಗದ ಕೋಡ್ ಮತ್ತು ಅದರ ದರ. ಮಾರಾಟದ ಹಾಳೆಯಲ್ಲಿ A ವಸ್ತುವಿನ ಹೆಸರು, B ಕೋಡ್, C ಆ ಸಾಲಿಗೆ ಬಂದ ತೆರಿಗೆ ಸೇರಿದ ಮೊತ್ತ. ದರವನ್ನು ಕೈಯಲ್ಲಿ ಟೈಪ್ ಮಾಡುವುದಿಲ್ಲ, ಕೋಡ್ ನೋಡಿ ತಾನಾಗೇ ಬರಬೇಕು. D, E, F ಕಾಲಂಗಳಲ್ಲಿ ದರ, ಮೂಲ ಬೆಲೆ, ತೆರಿಗೆ:

```
D2: =VLOOKUP(B2,Rates!$A$2:$B$40,2,FALSE)
E2: =ROUND(C2/(1+D2),2)
F2: =ROUND(C2-E2,2)
```

ಕೊನೆಯಲ್ಲಿರುವ `FALSE` ಬಿಡಬೇಡಿ. ಅದಿಲ್ಲದಿದ್ದರೆ ಕೋಡ್ ಸಿಗದಾಗ ಅದರ ಹತ್ತಿರದ ಇನ್ನಾವುದೋ ಕೋಡಿನ ದರ ಸುಮ್ನೆ ಬಂದು ಕೂರುತ್ತದೆ. `FALSE` ಇದ್ದರೆ `#N/A` ಬರುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಕೆಲವರು ಅದನ್ನು `IFERROR` ಹಾಕಿ 0 ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ದರ ಗೊತ್ತಿಲ್ಲದ ವಸ್ತು ತೆರಿಗೆಯೇ ಇಲ್ಲದ ವಸ್ತುವಿನ ವೇಷ ಹಾಕಿಬಿಡುತ್ತದೆ, ಆಮೇಲೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. `Rates` ಹಾಳೆಯಲ್ಲಿ ದರದ ಸೆಲ್ ಖಾಲಿ ಬಿಟ್ಟರೂ ಇದೇ ಕಥೆ, ಖಾಲಿ ಸೆಲ್ಲನ್ನು `VLOOKUP` 0 ಅಂತಲೇ ತಂದುಕೊಡುತ್ತದೆ. ತೆರಿಗೆ ಇಲ್ಲದ ವರ್ಗಕ್ಕೂ 0% ಅಂತ ಬರೆದೇ ಇಡುತ್ತೇನೆ. ಕೋಡ್ ಇದ್ದು ದರ ಖಾಲಿ ಇರುವ ಸಾಲು ಎಷ್ಟಿವೆ ಅಂತ ಎಣಿಸುವ ಒಂದು ಸೆಲ್ಲನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. ಅದು ಸೊನ್ನೆ ತೋರಿಸದೆ ಮುಂದೆ ಹೋಗುವುದಿಲ್ಲ:

```
=COUNTIFS(Rates!$A$2:$A$40,"<>",Rates!$B$2:$B$40,"")
```

ದರವನ್ನು 18% ಅಂತ ಇಡುವ ಬದಲು ಬರೀ 18 ಅಂತ ಇಟ್ಟರೆ 499 ಹೋಗಿ 19ರಿಂದ ಭಾಗವಾಗುತ್ತದೆ. ಮೂಲ ಬೆಲೆ 26.26! ಇದು ಎದ್ದು ಕಾಣುವ ತಪ್ಪು, ಜಾಸ್ತಿ ಹೇಳಬೇಕಿಲ್ಲ.

F ಕಾಲಂನಲ್ಲಿ ತೆರಿಗೆಯನ್ನು ಯಾಕೆ `E2*D2` ಅಂತ ಗುಣಿಸದೆ ಕಳೆದಿದ್ದೇನೆ ಅಂತ ಬಹಳ ಜನ ಕೇಳಿದ್ದಾರೆ. ಸರಿಯಾಗಿ 100.00 ಬೆಲೆಯ, ಶೇ. 18ರ ಒಂದು ವಸ್ತು ತೆಗೆದುಕೊಳ್ಳಿ. 1.18ರಿಂದ ಭಾಗಿಸಿದರೆ 84.7458, ರೌಂಡ್ ಮಾಡಿದರೆ 84.75. ಇದರ ಶೇ. 18 ಅಂದರೆ 15.255, ರೌಂಡ್ ಮಾಡಿದರೆ 15.26. ಕೂಡಿಸಿ, 100.01 ಆಯಿತು. ಸರಿ, ಮೂಲ ಬೆಲೆಯನ್ನು ಒಂದು ಪೈಸೆ ಇಳಿಸಿ 84.74 ಮಾಡೋಣ ಅಂದರೆ ತೆರಿಗೆ 15.25, ಒಟ್ಟು 99.99. ಅಂದರೆ ಎರಡು ದಶಾಂಶದ ಯಾವ ಮೂಲ ಬೆಲೆ ಇಟ್ಟುಕೊಂಡರೂ 100.00 ಬರುವುದೇ ಇಲ್ಲ. ಮೂಲ ಬೆಲೆ 0.01 ಏರಿದರೆ ಸೇರಿದ ಬೆಲೆ 0.0118 ಏರುತ್ತದೆ ಅಲ್ವಾ? ಹೆಜ್ಜೆ ಪೈಸೆಗಿಂತ ದೊಡ್ಡದಾದ್ದರಿಂದ ನಡುನಡುವೆ ಕೆಲವು ಬೆಲೆಗಳು ತಪ್ಪಿಹೋಗುತ್ತವೆ. ದರ ಹೆಚ್ಚಿದಷ್ಟೂ ತಪ್ಪಿಹೋಗುವ ಬೆಲೆಗಳು ಹೆಚ್ಚು. ಕಳೆದು ತೆಗೆದರೆ 84.75 ಮತ್ತು 15.25, ಒಟ್ಟು 100.00. ತೆರಿಗೆಯಲ್ಲಿ ಅರ್ಧ ಪೈಸೆ ಆಚೀಚೆ ಆದರೂ ಬಂದ ದುಡ್ಡಿಗೆ ಲೆಕ್ಕ ಹೊಂದುತ್ತದೆ. ತೆರಿಗೆಯನ್ನು ಹೇಗೆ ರೌಂಡ್ ಮಾಡಬೇಕು ಅಂತ ನಿಮ್ಮಲ್ಲಿ ನಿಯಮವೇ ಇದ್ದರೆ ಅದೇ ಮೊದಲು. ಆಗ ಉಳಿಯುವ ಪೈಸೆಗೆ ರೌಂಡಿಂಗ್ ವ್ಯತ್ಯಾಸ ಅಂತ ಬೇರೆ ಸಾಲು ಇಡಿ.

ಭಾಗಿಸಬೇಕಾದದ್ದು ಸಾಲಿನ ಮೊತ್ತವನ್ನು, ಒಂದು ವಸ್ತುವಿನ ಬೆಲೆಯನ್ನಲ್ಲ. 15.00 ಬೆಲೆಯ, ಶೇ. 18ರ ವಸ್ತು 300 ಹೋಗಿದೆ ಅಂದುಕೊಳ್ಳಿ. ಒಂದರ ಮೂಲ ಬೆಲೆ 12.71 ಅಂತ ಮಾಡಿ 300ರಿಂದ ಗುಣಿಸಿದರೆ 3813.00. ಇಡೀ 4500ನ್ನು ಭಾಗಿಸಿದರೆ 3813.56. ಮೊದಲೇ ರೌಂಡ್ ಮಾಡಿದ ಚೂರು 300 ಪಟ್ಟು ಆಗಿ ಎದುರು ಬಂದು ನಿಲ್ಲುತ್ತದೆ.

ನಿಜವಾದ ತಲೆನೋವು ಡಿಸ್ಕೌಂಟ್. ಅದೂ ಇಡೀ ಬಿಲ್ಲಿಗೆ ಒಟ್ಟಾಗಿ ಕೊಟ್ಟದ್ದು. ಮೂರು ಸಾಲಿನ ಒಂದು ಬಿಲ್ ನೋಡಿ. ಶೇ. 5ರದ್ದು 149, ಶೇ. 18ರದ್ದು 499, ತೆರಿಗೆ ಇಲ್ಲದ್ದು 80. ಒಟ್ಟು 728. ಕೊನೆಯಲ್ಲಿ 50 ಬಿಟ್ಟಿದ್ದಾರೆ, ಕೈಗೆ ಬಂದದ್ದು 678. ಈ 50 ಯಾವ ಸಾಲಿನದು? ಹೆಚ್ಚು ದರದ ಸಾಲಿಗೇ ಹಾಕಿದರೆ ತೆರಿಗೆ ಕಡಿಮೆ ಕಾಣುತ್ತದೆ, ತೆರಿಗೆ ಇಲ್ಲದ ಸಾಲಿಗೆ ಹಾಕಿದರೆ ಜಾಸ್ತಿ ಕಾಣುತ್ತದೆ. ಹಾಗೆ ನಮಗೆ ಬೇಕಾದ ಕಡೆ ಹಾಕುವಂತಿಲ್ಲ. ನಾನು ಆಯಾ ಸಾಲಿನ ಮೊತ್ತಕ್ಕೆ ತಕ್ಕ ಪಾಲು ಹಂಚುತ್ತೇನೆ, ಅದೂ ತೆರಿಗೆ ಬಿಡಿಸುವ ಮೊದಲೇ.

149ಕ್ಕೆ 10.23, 499ಕ್ಕೆ 34.27, 80ಕ್ಕೆ 5.49. ಕೂಡಿಸಿದರೆ 49.99, ಒಂದು ಪೈಸೆ ಕಾಣೆ! ಅದನ್ನು ಅತಿ ದೊಡ್ಡ ಸಾಲಿಗೆ ಹಾಕುತ್ತೇನೆ, 34.28 ಆಗುತ್ತದೆ. ಯಾವಾಗಲೂ ದೊಡ್ಡ ಸಾಲಿಗೇ. ಒಂದೊಂದು ಬಿಲ್ಲಿಗೆ ಒಂದೊಂದು ರೀತಿ ಮಾಡಿದರೆ ಆರು ತಿಂಗಳ ಮೇಲೆ ನಮಗೇ ಅರ್ಥವಾಗುವುದಿಲ್ಲ. ಈಗ ಉಳಿದ ಮೊತ್ತಗಳು 138.77, 464.72, 74.51. ಕೂಡಿಸಿದರೆ ಸರಿಯಾಗಿ 678.00. ಇಲ್ಲಿಂದ ಮುಂದೆ ಹಳೆಯ ದಾರಿಯೇ. 138.77ನ್ನು 1.05ರಿಂದ ಭಾಗಿಸಿದರೆ ಮೂಲ ಬೆಲೆ 132.16, ತೆರಿಗೆ 6.61. 464.72ನ್ನು 1.18ರಿಂದ ಭಾಗಿಸಿದರೆ 393.83, ತೆರಿಗೆ 70.89. ಕೊನೆಯದು ಇದ್ದ ಹಾಗೆಯೇ 74.51. ಮೂಲ ಬೆಲೆ ಒಟ್ಟು 600.50, ತೆರಿಗೆ 77.50.

ಇದೇ ಬಿಲ್ಲಿಗೆ 5, 18, 0 ಮೂರರ ಸರಾಸರಿ ಅಂತ ಶೇ. 7.67 ಹಾಕಿ ಒಂದೇ ಸಲ ಭಾಗಿಸಿದ್ದ ಶೀಟ್ ಕೂಡ ನೋಡಿದ್ದೇನೆ. ಹಾಗೆ ಮಾಡಿದರೆ ತೆರಿಗೆ ಸುಮಾರು 48.30 ಬರುತ್ತದೆ. ಇರಬೇಕಾದ್ದು 77.50! ಯಾವ ದರದಲ್ಲಿ ಎಷ್ಟು ಮಾರಾಟ ಆಗಿದೆ ಅನ್ನುವುದನ್ನು ಸರಾಸರಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಒಟ್ಟು ಮೊತ್ತ ಮಾತ್ರ ಇದ್ದು ಸಾಲುಗಳ ವಿವರ ಇಲ್ಲದಿದ್ದರೆ ನಾನು ಫೈಲ್ ವಾಪಸ್ ಕಳಿಸುತ್ತೇನೆ. ಇಲ್ಲದ ಮಾಹಿತಿಯನ್ನು ಸೂತ್ರ ಹುಟ್ಟಿಸಿ ಕೊಡುವುದಿಲ್ಲ.

ಒಂದೇ ವಸ್ತುವಿಗೆ ಎರಡು ತೆರಿಗೆ ಇದ್ದಾಗ ಭಾಗಿಸುವ ಸಂಖ್ಯೆ ಬದಲಾಗುತ್ತದೆ. ಶೇ. 10 ಮತ್ತು ಶೇ. 2 ಎರಡೂ ಮೂಲ ಬೆಲೆಯ ಮೇಲೇ ಬಿದ್ದರೆ 1.12. ಎರಡನೆಯದು ಮೊದಲನೆಯ ತೆರಿಗೆ ಸೇರಿದ ಮೊತ್ತದ ಮೇಲೆ ಬಿದ್ದರೆ 1.10 ಗುಣಿಸು 1.02, ಅಂದರೆ 1.122. ಯಾವುದು ಅಂತ ಬೆಲೆ ನೋಡಿ ಹೇಳಲಾಗದು, ನಿಯಮವನ್ನೇ ಓದಬೇಕು. ದರ ನಡುವೆ ಬದಲಾಗಿದ್ದರೆ ಬದಲಾದ ದಿನದ ಹಿಂದಿನದಕ್ಕೂ ಮುಂದಿನದಕ್ಕೂ ಬೇರೆ ಬೇರೆ ಕೋಡ್ ಕೊಟ್ಟುಬಿಡುತ್ತೇನೆ. ಹಳೆಯ ದರದ ಮೇಲೇ ಹೊಸದನ್ನು ಬರೆದರೆ ಹಳೆಯ ಬಿಲ್‌ಗಳೆಲ್ಲ ಸದ್ದಿಲ್ಲದೆ ಬದಲಾಗುತ್ತವೆ.

ಎಲ್ಲ ಮುಗಿದ ಮೇಲೆ ದರವಾರು ತಾಳೆ ನೋಡುತ್ತೇನೆ. ಶೇ. 18ರ ಸಾಲುಗಳ C ಕಾಲಂ ಒಟ್ಟನ್ನು 1.18ರಿಂದ ಭಾಗಿಸಿ, ಅದೇ ಸಾಲುಗಳ E ಒಟ್ಟಿನ ಜೊತೆ ಹೋಲಿಸುತ್ತೇನೆ. ಒಂದು ಸಾಲಿಗೆ ಅರ್ಧ ಪೈಸೆಗಿಂತ ಹೆಚ್ಚು ವ್ಯತ್ಯಾಸ ಬರಲಾರದು. 400 ಸಾಲಿದ್ದರೆ ಅತಿ ಹೆಚ್ಚೆಂದರೆ 2.00, ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಕಡಿಮೆ, ಯಾಕೆಂದರೆ ಏರಿದ್ದು ಇಳಿದದ್ದು ಒಂದನ್ನೊಂದು ತಿನ್ನುತ್ತವೆ. ಮಿತಿ ದಾಟಿದೆ ಅಂದರೆ ಯಾರೋ ಯಾವುದೋ ಸೆಲ್ಲಿನ ಸೂತ್ರ ಅಳಿಸಿ ಕೈಯಲ್ಲಿ ಅಂಕೆ ಹಾಕಿದ್ದಾರೆ ಅಂತಲೇ ಅರ್ಥ. ಆದರೆ ವಸ್ತುವಿಗೆ ತಪ್ಪು ಕೋಡ್ ಬಿದ್ದಿದ್ದರೆ ಈ ತಾಳೆಯಲ್ಲಿ ಅದು ಗೊತ್ತಾಗುವುದಿಲ್ಲ, ತಪ್ಪು ದರದಲ್ಲೂ ಲೆಕ್ಕ ಚೆನ್ನಾಗಿಯೇ ಹೊಂದುತ್ತದೆ. ಅದಕ್ಕೆ ಪಟ್ಟಿಯನ್ನು ದರದ ಪ್ರಕಾರ ಜೋಡಿಸಿ, ಪ್ರತಿ ದರದ ಕೆಳಗೆ ಬಂದಿರುವ ವಸ್ತುಗಳ ಹೆಸರನ್ನು ಒಂದೊಂದಾಗಿ ಓದುತ್ತೇನೆ. ಬೇಜಾರಿನ ಕೆಲಸವೇ, ಆದರೆ ಅದಕ್ಕೆ ಬೇರೆ ದಾರಿ ನನಗೆ ಸಿಕ್ಕಿಲ್ಲ.