ಸಲಹೆಗಾರನಾಗಿ ಬರೆಯುವ ಮೊದಲ ಮೇಲ್ ಅರ್ಜಿಯಂತೆ ಕಾಣಬಾರದು

ವಾಹನ ಬಿಡಿಭಾಗಗಳ ಕ್ವಾಲಿಟಿ ವಿಭಾಗದಲ್ಲಿ ಇಪ್ಪತ್ತು ವರ್ಷ ದುಡಿದ ಮೇಲೆ, ಪೀಣ್ಯದಂಥ ಕಡೆಯ ಸಣ್ಣ ಮಷೀನಿಂಗ್ ಘಟಕಗಳಿಗೆ ಸಲಹೆಗಾರನಾಗಿ ಹೋಗಲು ಪರಿಚಯವೇ ಇಲ್ಲದ ಮಾಲೀಕರಿಗೆ ನಾನು ಮೇಲ್ ಬರೆಯುತ್ತೇನೆ. ನಲವತ್ತು ದಾಟಿದವರ ಇಂಥ ಮೇಲ್ ಹೆಚ್ಚಾಗಿ ಕೆಡುವುದು ಒಂದೇ ಕಾರಣಕ್ಕೆ: ಅದು ಕೆಲಸಕ್ಕೆ ಹಾಕಿದ ಅರ್ಜಿಯಂತೆ ಓದಿಸಿಕೊಳ್ಳುತ್ತದೆ. "ಸಿವಿ ಕಳಿಸಿ, ಈಗಿನ ಸಂಬಳ ತಿಳಿಸಿ" ಎಂಬ ಉತ್ತರ ಬಂದರೆ ಮೇಲ್ ಎಚ್‌ಆರ್ ಕೈಸೇರಿದೆ ಎಂದೇ ಅರ್ಥ. ತಪ್ಪು ಅವರದಲ್ಲ. ಮೊದಲ ಸಾಲಲ್ಲೇ ಅನುಭವದ ವರ್ಷಗಳು, ಕೊನೆಯಲ್ಲಿ "ಸೂಕ್ತ ಅವಕಾಶವಿದ್ದರೆ ತಿಳಿಸಿ", ಜೊತೆಗೆ ನಾಲ್ಕು ಪುಟದ ಸಿವಿ ಇದ್ದರೆ ಯಾರೇ ಆದರೂ ಹಾಗೆಯೇ ತಿಳಿಯುತ್ತಾರೆ.

ಹಾಗಾಗಿ ಬರೆಯುವುದಕ್ಕಿಂತ ಹುಡುಕುವುದಕ್ಕೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಒಳ್ಳೆಯ ಸುಳಿವು ಸಿಗುವುದು ಘಟಕದ ಉದ್ಯೋಗ ಜಾಹೀರಾತಿನಲ್ಲಿ. ಜಾಲತಾಣದಲ್ಲಿ ಐಎಸ್‌ಒ 9001 ಪ್ರಮಾಣಪತ್ರ ಮಾತ್ರ ಇದ್ದು, ಜಾಹೀರಾತಿನಲ್ಲಿ "ಐಎಟಿಎಫ್ 16949 ಗೊತ್ತಿರುವ ಕ್ವಾಲಿಟಿ ಎಂಜಿನಿಯರ್ ಬೇಕು" ಎಂದಿದ್ದರೆ, ವಾಹನ ಉದ್ಯಮಕ್ಕೆಂದೇ ಇರುವ ಆ ಗುಣಮಟ್ಟದ ಪ್ರಮಾಣಪತ್ರಕ್ಕೆ ಗ್ರಾಹಕರಿಂದ ಒತ್ತಡ ಬಂದಿರುವ ಸಾಧ್ಯತೆ ಹೆಚ್ಚು. ಅಲ್ಲಿ ಹಲವರು ಎಡವುವ ಜಾಗವೂ ಗೊತ್ತಿರುವುದೇ. ಪ್ರಮಾಣೀಕರಣಕ್ಕೆ ಹೋಗುವಾಗ ಹಿಂದಿನ 12 ತಿಂಗಳ ಕಾರ್ಯಕ್ಷಮತೆಯ ಅಂಕಿಅಂಶ, ಇಂಟರ್ನಲ್ ಆಡಿಟ್ ಮತ್ತು ಮ್ಯಾನೇಜ್‌ಮೆಂಟ್ ರಿವ್ಯೂ ದಾಖಲೆ ತೋರಿಸಬೇಕು. ಎಂಜಿನಿಯರ್ ಸಿಕ್ಕ ಮೇಲೆ ಶುರು ಮಾಡೋಣ ಎಂದರೆ ಆ ಲೆಕ್ಕವೂ ತಡವಾಗಿಯೇ ಶುರುವಾಗುತ್ತದೆ. ಮೇಲ್ ಹೇಳಬೇಕಾದದ್ದು ಇಷ್ಟನ್ನೇ.

ವಿಷಯದ ಸಾಲು: "ಐಎಟಿಎಫ್ 16949: 12 ತಿಂಗಳ ದಾಖಲೆ ಬಗ್ಗೆ". ಒಳಗೆ ಹೀಗೆ:

"ನಮಸ್ಕಾರ ಸರ್. ಐಎಟಿಎಫ್ ಗೊತ್ತಿರುವ ಎಂಜಿನಿಯರ್‌ಗಾಗಿ ನೀವು ಕೊಟ್ಟ ಜಾಹೀರಾತು ನೋಡಿದೆ. ನಾನು ಆ ಕೆಲಸಕ್ಕೆ ಬರೆಯುತ್ತಿಲ್ಲ. ಆಡಿಟ್‌ಗೆ 12 ತಿಂಗಳ ದಾಖಲೆ ಬೇಕಿರುವುದರಿಂದ, ನೇಮಕ ಆಗುವವರೆಗೆ ಕಾಯದೆ ಯಾವ ದಾಖಲೆ ಈಗಲೇ ಶುರು ಮಾಡಬಹುದು ಎಂದು ನೋಡಿಕೊಡಬಲ್ಲೆ. ಎರಡು ದಿನ ನಿಮ್ಮ ಶಾಪ್‌ಫ್ಲೋರ್‌ನಲ್ಲಿದ್ದು, ಒಂದು ಪಾರ್ಟ್‌ನ ಕಂಟ್ರೋಲ್ ಪ್ಲಾನ್, ಎಫ್‌ಎಂಇಎ ಮತ್ತು ತಪಾಸಣೆ ದಾಖಲೆಗಳನ್ನು ತಾಳೆ ನೋಡಿ, ಬಾಕಿ ಕೆಲಸದ ಪಟ್ಟಿಯನ್ನು ಬರಹದಲ್ಲಿ ಕೊಡುತ್ತೇನೆ. ಬಿಡಿಭಾಗ ಘಟಕಗಳಲ್ಲಿ ಇದೇ ಕೆಲಸವನ್ನು ನಾನೇ ನಿಂತು ಮಾಡಿಸಿದ್ದೇನೆ. ಈ ವಾರ ಹದಿನೈದು ನಿಮಿಷ ಫೋನಿನಲ್ಲಿ ಮಾತಾಡಬಹುದೇ?"

ಇದರಲ್ಲಿ ಮುಖ್ಯವಾದದ್ದು "ಆ ಕೆಲಸಕ್ಕೆ ಬರೆಯುತ್ತಿಲ್ಲ" ಎಂಬ ಸಾಲು. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಮತ್ತೆ ಅರ್ಜಿಯಾಗುತ್ತದೆ. ಎರಡನೆಯದು ಒಂದೇ ಪಾರ್ಟ್, ಎರಡೇ ದಿನ ಎಂಬ ಮಿತಿ. ಗುರುತಿಲ್ಲದವರಿಗೆ ಆರು ತಿಂಗಳ ಒಪ್ಪಂದ ಯಾರೂ ಕೊಡುವುದಿಲ್ಲ. ಎರಡು ದಿನದ ಕೆಲಸಕ್ಕಾದರೆ ಮಾಲೀಕರು ಒಬ್ಬರೇ ಕೂತು ಹೂಂ ಎನ್ನಬಹುದು. ಮಾಲೀಕರು ಕನ್ನಡದಲ್ಲೇ ವ್ಯವಹರಿಸುವವರು ಎಂದು ಗೊತ್ತಿದ್ದರೆ ಕನ್ನಡದಲ್ಲೇ ಕಳಿಸುತ್ತೇನೆ. ಇಲ್ಲವಾದರೆ ಇದನ್ನೇ ಇಂಗ್ಲಿಷ್‌ನಲ್ಲಿ ಬರೆಯುತ್ತೇನೆ.

ಹಳೆಯ ಕಂಪನಿಯ ಹೆಸರು ಹೇಳಬಹುದು, ಆದರೆ ಅಲ್ಲಿನ ರಿಜೆಕ್ಷನ್ ಅಂಕಿ, ಗ್ರಾಹಕರ ದೂರು ಯಾವುದನ್ನೂ ಬರೆಯುವುದಿಲ್ಲ. ಗೋಪ್ಯತೆಯ ಷರತ್ತು ಮುರಿಯುತ್ತದೆ ಎಂಬುದು ಒಂದು. "ನಾಳೆ ನಮ್ಮ ಅಂಕಿಯನ್ನೂ ಇವರು ಇನ್ನೊಬ್ಬರಿಗೆ ಹೇಳುತ್ತಾರೆ" ಎಂದು ಓದುವವರಿಗೆ ಅನಿಸುತ್ತದೆ ಎಂಬುದು ಇನ್ನೊಂದು. ಇನ್ನೂ ನೌಕರಿಯಲ್ಲಿರುವವರು ನೇಮಕಾತಿ ಪತ್ರದಲ್ಲಿ ಬೇರೆ ಕೆಲಸದ ಬಗ್ಗೆ ಏನಿದೆ ಎಂದು ಮೊದಲು ಓದಬೇಕು. ಆಫೀಸಿನ ಮೇಲ್ ವಿಳಾಸವನ್ನಂತೂ ಮುಟ್ಟಲೇಬಾರದು.

ಸ್ವಂತ ಡೊಮೇನ್‌ನಿಂದ ಕಳಿಸುವುದಾದರೆ ಮೊದಲು ನಿಮ್ಮದೇ ಜಿಮೇಲ್‌ಗೆ ಒಂದು ಕಳಿಸಿ, ಅಲ್ಲಿ `Show original` ಒತ್ತಿ. ಮೇಲ್ ನಿಜವಾಗಿ ನಿಮ್ಮ ಡೊಮೇನ್‌ನಿಂದಲೇ ಬಂದಿದೆಯೇ ಎಂದು ಪರೀಕ್ಷಿಸುವ `SPF` ಮತ್ತು `DKIM` ಎದುರು `PASS` ಕಾಣದಿದ್ದರೆ ಮೇಲ್ ಸ್ಪ್ಯಾಮ್‌ಗೆ ಬೀಳುವ ಸಂಭವ ಹೆಚ್ಚು. ಮೊದಲ ಮೇಲ್‌ಗೆ ಲಗತ್ತು, ಲಿಂಕ್ ಏನೂ ಹಾಕುವುದಿಲ್ಲ. ದಿನಕ್ಕೆ ಐದಕ್ಕಿಂತ ಹೆಚ್ಚು ಕಳಿಸುವುದಿಲ್ಲ, ಏಕೆಂದರೆ ಅದಕ್ಕಿಂತ ಹೆಚ್ಚು ಘಟಕಗಳ ಬಗ್ಗೆ ಸರಿಯಾಗಿ ಓದಿಕೊಳ್ಳಲು ಆಗುವುದಿಲ್ಲ.

ಫೀ ಎಷ್ಟು ಎಂದು ಫೋನಿನಲ್ಲೇ ಕೇಳುತ್ತಾರೆ, ಲೆಕ್ಕ ಕೈಯಲ್ಲಿರಬೇಕು. ತಿಂಗಳಿಗೆ ₹2.5 ಲಕ್ಷ ಸಂಬಳ ಬರುತ್ತಿತ್ತು ಎನ್ನಿ. ಅದನ್ನು 22 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು ₹11,400. ಈ ದರ ಹೇಳಿದರೆ ಮುಳುಗಿದಂತೆ, ಯಾಕೆಂದರೆ ಹುಡುಕಾಟ, ಓಡಾಟ, ವರದಿ ಬರೆಯುವುದಕ್ಕೆ ಅರ್ಧ ತಿಂಗಳು ಹೋಗುತ್ತದೆ. ಬಿಲ್ ಮಾಡಲಾಗುವುದು ಹತ್ತೇ ದಿನ ಎಂದುಕೊಂಡರೆ ದಿನಕ್ಕೆ ₹25,000, ಎರಡು ದಿನಕ್ಕೆ ₹50,000. ಘಟಕಕ್ಕೆ ಅದು ಭಾರವಾದರೆ ದರ ಇಳಿಸುವುದಿಲ್ಲ; ಒಂದು ದಿನದ ಕೆಲಸವನ್ನಷ್ಟೇ ಹೇಳುತ್ತೇನೆ.

ಉತ್ತರ ಬಾರದಿದ್ದರೆ ಐದು ಕೆಲಸದ ದಿನ ಬಿಟ್ಟು ಅದೇ ಮೇಲ್‌ನ ಕೆಳಗೆ ಇನ್ನೊಂದು ಕಳಿಸುತ್ತೇನೆ. "ನೋಡಿದಿರಾ" ಎಂದು ಕೇಳುವುದಿಲ್ಲ. ಆ 12 ತಿಂಗಳಿಗೆ ಇಂದೇ ಬರೆದಿಡಬಹುದಾದ ಮೂರು ಅಂಕಿ ಯಾವುವೆಂದು ಹೇಳುತ್ತೇನೆ: ಗ್ರಾಹಕರು ಹಿಂದಿರುಗಿಸಿದ ಪಾರ್ಟ್‌ಗಳು, ಒಳಗಿನ ರಿಜೆಕ್ಷನ್, ಸಮಯಕ್ಕೆ ಸರಿಯಾಗಿ ಹೋದ ಡೆಲಿವರಿ. ಮೂರು ವಾರದ ನಂತರ ಕೊನೆಯದಾಗಿ ಒಂದು. ಅದಕ್ಕೂ ಮೌನವಿದ್ದರೆ ಆ ಘಟಕವನ್ನು ಪಟ್ಟಿಯಿಂದ ತೆಗೆಯುತ್ತೇನೆ.