ಅಡಿಕೆ ಹಣದ ಠೇವಣಿ: ಮೂರು ತಿಂಗಳೋ, 91 ದಿನವೋ?

ತೀರ್ಥಹಳ್ಳಿ ಕಡೆಯ ನಮ್ಮಂಥ ತೋಟದವರಿಗೆ ಅಡಿಕೆ ಮಾರಿದ ಹಣ ಚಳಿಗಾಲದ ಕೊನೆಗೆ ಕೈಗೆ ಬರುತ್ತದೆ. ಅದಕ್ಕೆ ದೊಡ್ಡ ಖರ್ಚು ಬೀಳುವುದು ಮಳೆ ಹಿಡಿಯುವ ಹೊತ್ತಿಗೆ. ಮೈಲುತುತ್ತ, ಸುಣ್ಣ, ಕೊಳೆ ಔಷಧಿ ಹೊಡೆಯುವ ಕೊನೆಗಾರರ ಮುಂಗಡ, ಎಲ್ಲವೂ ಆಗಲೇ. ನಡುವಿನ ಆ ಮೂರು ತಿಂಗಳ ಮಟ್ಟಿಗೆ ಹಣವನ್ನು ಠೇವಣಿ ಇಡುತ್ತೇನೆ. ಅರ್ಜಿಯಲ್ಲಿ ಮಾತ್ರ ‘3 ತಿಂಗಳು’ ಎಂದು ಬರೆಯುವುದಿಲ್ಲ, ದಿನ ಎಣಿಸಿ ಬರೆಯುತ್ತೇನೆ.

2025ರ ಫೆಬ್ರುವರಿ 24, ಸೋಮವಾರ. ಐದು ಲಕ್ಷ ರೂಪಾಯಿ ಇಡಬೇಕಿತ್ತು. ಬ್ಯಾಂಕಿನ ದರಪಟ್ಟಿಯಲ್ಲಿ 46ರಿಂದ 90 ದಿನಕ್ಕೆ ಶೇ 5.5, 91ರಿಂದ 179 ದಿನಕ್ಕೆ ಶೇ 6 ಎಂದಿತ್ತು. ಕೌಂಟರಿನಲ್ಲಿದ್ದ ಹುಡುಗಿ, ‘ಎಲ್ಲರೂ ಮೂರು ತಿಂಗಳಿಗೇ ಹಾಕುತ್ತಾರೆ ಸರ್’ ಎಂದಳು. ಮೂರು ತಿಂಗಳೆಂದರೆ ಮೇ 24. ಆದರೆ ಆ ಅವಧಿಯೊಳಗೆ 28 ದಿನದ ಫೆಬ್ರುವರಿ ಕೂತಿದೆ. ಮಾರ್ಚ್ 24ಕ್ಕೆ 28 ದಿನ, ಏಪ್ರಿಲ್ 24ಕ್ಕೆ ಇನ್ನು 31, ಮೇ 24ಕ್ಕೆ ಮತ್ತೆ 30. ಒಟ್ಟು 89. ಇದೇ ಮೂರು ತಿಂಗಳನ್ನು ಜೂನ್ 24ರಿಂದ ಎಣಿಸಿದರೆ 92 ದಿನವಾಗುತ್ತದೆ.

ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುವವರಿಗೆ 90 ಬರುತ್ತದೆ. ಅವರು ಎರಡೂ ತುದಿಯ ದಿನಗಳನ್ನು ಸೇರಿಸಿಕೊಂಡಿರುತ್ತಾರೆ. ಬ್ಯಾಂಕು ಹಣ ಕಟ್ಟಿದ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಅವಧಿ ಮುಗಿಯುವ ದಿನವನ್ನು ಬಿಡುತ್ತದೆ. ವಸತಿಗೃಹದವರು ರಾತ್ರಿಗಳನ್ನು ಎಣಿಸಿದ ಹಾಗೆ. ಮನೆಯ ಕಂಪ್ಯೂಟರಿನಲ್ಲಿ ಸ್ಪ್ರೆಡ್‌ಶೀಟಿನ A2 ಕೋಶಕ್ಕೆ ಠೇವಣಿಯ ದಿನಾಂಕ ಹಾಕಿ ಈ ಎರಡು ಸೂತ್ರ ಬರೆದಿಟ್ಟಿದ್ದೇನೆ:

```
=EDATE(A2,3)-A2
=TEXT(A2+91,"ddd")
```

ಮೊದಲನೆಯದು 89 ಎಂದಿತು. ಎರಡನೆಯದು, 91 ದಿನಕ್ಕೆ ಇಟ್ಟರೆ ಅವಧಿ ಮುಗಿಯುವ ಮೇ 26 ಯಾವ ವಾರ ಎಂಬುದನ್ನು ಹೇಳುತ್ತದೆ: ಸೋಮವಾರ. ಅತ್ತ ಮೇ 24 ನಾಲ್ಕನೆಯ ಶನಿವಾರ, ಬ್ಯಾಂಕಿಗೆ ರಜೆ. ಮರುದಿನ ಭಾನುವಾರ. ಅಂದರೆ ಮೂರು ತಿಂಗಳಿಗೆ ಇಟ್ಟರೂ ಹಣ ಕೈಗೆ ಸಿಗುವುದು ಸೋಮವಾರವೇ.

ನಡುವಿನ ರಜೆಯ ದಿನಗಳಿಗೆ ಒಪ್ಪಿಕೊಂಡ ದರದಲ್ಲೇ ಬಡ್ಡಿ ಕೊಡಬೇಕು ಎಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಎರಡು ದಿನ ಬಿಟ್ಟಿ ಹೋಗುವುದಿಲ್ಲ. ಆದರೂ ಲೆಕ್ಕ ನೋಡಿ. ಶೇ 5.5ರಂತೆ 89 ದಿನಕ್ಕೆ 6,705 ರೂಪಾಯಿ, ರಜೆಯ ಎರಡು ದಿನಕ್ಕೆ 151 ರೂಪಾಯಿ, ಒಟ್ಟು 6,856. ಶೇ 6ರಂತೆ 91 ದಿನಕ್ಕೆ 7,479. ಹಣ ಅದೇ, ಕೈಗೆ ಬರುವ ಸೋಮವಾರವೂ ಅದೇ, ವ್ಯತ್ಯಾಸ 623 ರೂಪಾಯಿ. ಅರ್ಜಿಯಲ್ಲಿ ‘91 ದಿನ’ ಎಂದು ಬರೆದೆ.

ಸೋಮವಾರವೂ ಹೋಗದೆ ಹಣ ಅಲ್ಲೇ ಬಿಟ್ಟರೆ ಕಥೆ ಬೇರೆ. ತಾನಾಗಿ ನವೀಕರಣವಾಗುವಂತೆ ಬರೆದುಕೊಟ್ಟಿಲ್ಲದಿದ್ದರೆ, 2021ರ ಜುಲೈನಿಂದ ಬಂದ ನಿಯಮದಂತೆ ಉಳಿತಾಯ ಖಾತೆಯ ದರ ಮತ್ತು ಠೇವಣಿಯ ದರ ಇವೆರಡರಲ್ಲಿ ಯಾವುದು ಕಡಿಮೆಯೋ ಅದಷ್ಟೇ ಸಿಗುತ್ತದೆ.

ಎಲ್ಲ ಬ್ಯಾಂಕುಗಳೂ ದಿನವನ್ನೇ ಎಣಿಸುತ್ತವೆ ಎಂದೇನಿಲ್ಲ. ತುಂಬಿದ ತ್ರೈಮಾಸಿಕಕ್ಕೆ ವರ್ಷದ ಬಡ್ಡಿಯ ಕಾಲು ಭಾಗ ಕೊಟ್ಟು, ಮಿಕ್ಕ ತುಂಡು ಅವಧಿಗೆ ಮಾತ್ರ ದಿನ ಲೆಕ್ಕ ಹಾಕುವ ಪದ್ಧತಿಯೂ ಇದೆ. ನಮ್ಮ ಬ್ಯಾಂಕು ಯಾವುದನ್ನು ಅನುಸರಿಸಿದೆ ಎಂದು ತಿಳಿಯಲು ರಸೀದಿಯೊಂದೇ ಸಾಕು. ಐದು ಲಕ್ಷಕ್ಕೆ ಶೇ 6ರಂತೆ ವರ್ಷಕ್ಕೆ 30,000 ರೂಪಾಯಿ. 365ರಿಂದ ಭಾಗಿಸಿದರೆ ದಿನಕ್ಕೆ 82 ರೂಪಾಯಿ 19 ಪೈಸೆ. ರಸೀದಿಯಲ್ಲಿರುವ ಬಡ್ಡಿಯನ್ನು ಇದರಿಂದ ಭಾಗಿಸುತ್ತೇನೆ. ಉತ್ತರ 91 ಬಂದರೆ ದಿನ ಎಣಿಸಿದ್ದಾರೆ. 93.25ರ ಹತ್ತಿರ ಬಂದರೆ, ಅಂದರೆ ಮೇ 24ರವರೆಗಿನ ತ್ರೈಮಾಸಿಕಕ್ಕೆ 7,500, ಮಿಕ್ಕ ಎರಡು ದಿನಕ್ಕೆ 164 ಸೇರಿ ಬಡ್ಡಿ 7,664ರ ಆಸುಪಾಸು ಇದ್ದರೆ, ತ್ರೈಮಾಸಿಕದ ಲೆಕ್ಕ. ಎರಡಕ್ಕೂ ಹೊಂದದಿದ್ದರೆ ಮೊದಲು ದರ ನೋಡುತ್ತೇನೆ. ಕೆಳಗಿನ ಅವಧಿಯ ದರ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಅಧಿಕ ವರ್ಷದಲ್ಲಿ ಭಾಗಾಕಾರವೇ ಬದಲಾಗಬಹುದು. ಕೆಲವು ಬ್ಯಾಂಕುಗಳು 366ರಿಂದ ಭಾಗಿಸುತ್ತವೆ, ಕೆಲವು 365ಕ್ಕೇ ಅಂಟಿಕೊಳ್ಳುತ್ತವೆ. 2024ರ ಫೆಬ್ರುವರಿ 24ರಿಂದ ಮೇ 24ಕ್ಕೆ 90 ದಿನ. ಶೇ 6ರಂತೆ ಮೊದಲ ಬಗೆಯಲ್ಲಿ 7,377, ಎರಡನೆಯದರಲ್ಲಿ 7,397. ಇಪ್ಪತ್ತು ರೂಪಾಯಿಗೆ ಜಗಳ ಬೇಡ, ಆದರೆ ರಸೀದಿ ತಾಳೆ ನೋಡುವಾಗ ಇದು ನೆನಪಿರಬೇಕು.

ನಮ್ಮೂರಿನ ಪ್ರಾಥಮಿಕ ಸಹಕಾರ ಸಂಘದಲ್ಲೂ ಒಂದಿಷ್ಟು ಠೇವಣಿ ಇದೆ. ಅದು ಬ್ಯಾಂಕಲ್ಲ, ಮೇಲೆ ಹೇಳಿದ ರಿಸರ್ವ್ ಬ್ಯಾಂಕಿನ ನಿಯಮಗಳು ಅಲ್ಲಿಗೆ ಅನ್ವಯಿಸುವುದಿಲ್ಲ. ರಜೆಯ ದಿನಕ್ಕೆ ಬಡ್ಡಿ ಉಂಟೇ, ಅವಧಿ ಮುಗಿದ ಮೇಲೆ ಎಷ್ಟು ದರ ಎಂಬುದನ್ನು ಅಲ್ಲಿ ಹಣ ಕಟ್ಟುವ ಮೊದಲೇ ಕಾರ್ಯದರ್ಶಿಯವರನ್ನು ಕೇಳಿ, ರಸೀದಿಯ ಹಿಂಬದಿಯಲ್ಲಿ ಬರೆಸಿಕೊಳ್ಳುತ್ತೇನೆ.